ಮಾರ್ಚ್‌ನಲ್ಲಿ ಒಂದು ಮಾತು, ಮೇನಲ್ಲಿ ಇನ್ನೊಂದು: 1834ರ ಕೊಡಗಿನ ಪ್ರಕರಣ

1834ರ ಮಾರ್ಚ್ 15ರ ತಾರೀಖು ಹಾಕಿ ಈಸ್ಟ್ ಇಂಡಿಯಾ ಕಂಪನಿ ಕೊಡಗಿನ ಜನರಿಗೆ ಒಂದು ಘೋಷಣೆ ಹೊರಡಿಸಿತು. ಸಹಿ ಕರ್ನಲ್ ಫ್ರೇಸರ್‌ನದು. ಅವನು ಕಂಪನಿಯ ಪೊಲಿಟಿಕಲ್ ಏಜೆಂಟ್. ನಿಮ್ಮ ರಾಜ ತನ್ನ ಪ್ರಜೆಗಳ ಮೇಲೆ ಘೋರ ದಬ್ಬಾಳಿಕೆ, ಕ್ರೌರ್ಯ ನಡೆಸಿದ್ದಾನೆ ಎಂದು ಅದು ಹೇಳುತ್ತಿತ್ತು. ನಮ್ಮ ಸೈನ್ಯ ಬರುತ್ತಿದೆ, ಇನ್ನು ಅವನು ರಾಜನಲ್ಲ, ಸುಮ್ಮನಿದ್ದವರ ಪ್ರಾಣಕ್ಕೂ ಆಸ್ತಿಗೂ ತೊಂದರೆ ಇಲ್ಲ, ಜನರ ಸುಖಕ್ಕೆ ಯಾವುದು ಒಳ್ಳೆಯದು ಅನ್ನಿಸುತ್ತದೋ ಅಂಥ ಆಡಳಿತ ಕೊಡುತ್ತೇವೆ ಎಂದೂ ಇತ್ತು.

ಅದೇ ವರ್ಷ ಮೇ 7ರಂದು ಅದೇ ಫ್ರೇಸರ್ ಮಡಿಕೇರಿಯಲ್ಲಿ ಇನ್ನೊಂದು ಘೋಷಣೆಗೆ ಸಹಿ ಹಾಕಿದ. ಬ್ರಿಟಿಷ್ ರಕ್ಷಣೆಗೆ ಒಳಪಡಬೇಕು ಎಂಬುದು ಕೊಡಗಿನ ಎಲ್ಲರ ಒಮ್ಮತದ ಆಸೆ, ಆದ್ದರಿಂದ ಈ ಸೀಮೆಯನ್ನು ಕಂಪನಿಗೆ ಸೇರಿಸಿಕೊಂಡಿದ್ದೇವೆ ಎಂಬುದು ಅದರ ಸಾರ. ಇನ್ನು ಮುಂದೆ ನೀವು ದೇಶೀ ಅರಸರ ಕೈಕೆಳಗೆ ಬರುವುದಿಲ್ಲ ಎಂಬ ಭರವಸೆಯೂ ಅದರಲ್ಲಿತ್ತು.

ಎರಡರ ನಡುವೆ ಎರಡು ತಿಂಗಳೂ ಕಳೆದಿರಲಿಲ್ಲ. ಒಬ್ಬ ಕ್ರೂರಿಯನ್ನು ಇಳಿಸುತ್ತೇವೆ ಎಂದು ಶುರುವಾದ ಕೆಲಸ ಒಂದು ನಾಡನ್ನೇ ಇಟ್ಟುಕೊಳ್ಳುವುದರಲ್ಲಿ ನಿಂತಿತು. ನಾನು ಪದವಿ ತರಗತಿಗೆ ರಾಜ್ಯಶಾಸ್ತ್ರ ಹೇಳುತ್ತೇನೆ. ಜನರನ್ನು ಉಳಿಸುತ್ತೇವೆ ಎಂದು ಹೊರಗಿನವರು ಒಂದು ದೇಶದೊಳಕ್ಕೆ ಸೈನ್ಯ ತರುವ ‘ಮಾನವೀಯ ಹಸ್ತಕ್ಷೇಪ’ ಎಂಬ ಪಾಠ ಬಂದಾಗ ಮಕ್ಕಳು ಲಿಬಿಯಾ, ಕೊಸೊವೊ ಎಂದು ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ನಾನು ಅವರನ್ನು ಮಡಿಕೇರಿ ಕೋಟೆಗೆ ಕರೆದುಕೊಂಡು ಹೋಗಿ ಈ ಎರಡು ಘೋಷಣೆಗಳನ್ನು ಕೈಗೆ ಕೊಡುತ್ತೇನೆ. ಪಾಠದ ಗಂಟು ಎಲ್ಲಿದೆ ಎಂದು ಇವುಗಳಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ನನಗೆ ಕಂಡಿಲ್ಲ. ಇಲ್ಲಿ ಬರೆಯುತ್ತಿರುವುದು ಆ ಪ್ರಕರಣವನ್ನು.

ನಡೆದದ್ದು ಏನು

ಕೊಡಗನ್ನು ಹಾಲೇರಿ ಮನೆತನದ ಲಿಂಗಾಯತ ಅರಸರು ಎರಡು ಶತಮಾನಕ್ಕೂ ಹೆಚ್ಚು ಕಾಲ ಆಳಿದರು. ಅವರಲ್ಲಿ ದೊಡ್ಡ ವೀರರಾಜೇಂದ್ರ 1790ರಲ್ಲಿ ಟಿಪ್ಪುವಿನ ವಿರುದ್ಧ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡ. ಮಲಬಾರಿನ ಕಡೆಯಿಂದ ಘಟ್ಟ ಹತ್ತಿ ಬಂದ ಕಂಪನಿ ಸೈನ್ಯಕ್ಕೆ ದಾರಿ ಕೊಟ್ಟ, ದನ ಕೊಟ್ಟ, ದವಸ ಕೊಟ್ಟ. ಅಂದರೆ ಕಂಪನಿಗೂ ಕೊಡಗಿಗೂ ಇದ್ದದ್ದು ಸ್ನೇಹಿತರ ಸಂಬಂಧ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅವನ ತಮ್ಮ ಲಿಂಗರಾಜೇಂದ್ರ ತೀರಿಕೊಂಡ ಮೇಲೆ 1820ರಲ್ಲಿ ಮಗ ಚಿಕ್ಕ ವೀರರಾಜೇಂದ್ರ ಪಟ್ಟಕ್ಕೆ ಬಂದ. ಇವನ ಕ್ರೌರ್ಯದ ಕಥೆಗಳು ನಮ್ಮಲ್ಲಿ ಮನೆಮನೆಯಲ್ಲೂ ಇವೆ. ಅವುಗಳಲ್ಲಿ ಬಹುಪಾಲು ಬರಹಕ್ಕೆ ಇಳಿದದ್ದು ಅವನು ಹೋದ ಮೇಲೆ, ಅವನನ್ನು ಇಳಿಸಿದವರ ಕಾಲದಲ್ಲಿ. ಹಾಗೆಂದು ಎಲ್ಲವನ್ನೂ ಸುಳ್ಳು ಎನ್ನುವುದಕ್ಕೆ ಆಗುವುದಿಲ್ಲ. ಪಟ್ಟಕ್ಕೆ ಅಡ್ಡ ಬರಬಹುದಾದ ಸ್ವಂತ ನೆಂಟರನ್ನೇ ಕೊಲ್ಲಿಸಿದ ಎಂಬುದು ಹಲವು ಕಡೆಯ ದಾಖಲೆಗಳಲ್ಲಿ ಬರುತ್ತದೆ. ಜನ ಅವನಿಗೆ ಹೆದರಿ ಬದುಕುತ್ತಿದ್ದರು ಎಂಬುದರಲ್ಲಿ ನನಗೆ ಅನುಮಾನ ಇಲ್ಲ.

1832ರಲ್ಲಿ ಅವನ ತಂಗಿ ದೇವಮ್ಮಾಜಿ ಮತ್ತು ಅವಳ ಗಂಡ ಚನ್ನಬಸವಪ್ಪ ಗಡಿ ದಾಟಿ ಮೈಸೂರಿಗೆ ಓಡಿದರು. ಬ್ರಿಟಿಷ್ ರೆಸಿಡೆಂಟ್‌ನ ಆಶ್ರಯ ಕೇಳಿದರು, ಸಿಕ್ಕಿತು. ರಾಜ ಅವರನ್ನು ವಾಪಸ್ ಕಳಿಸಿ ಎಂದ, ಕಂಪನಿ ಆಗುವುದಿಲ್ಲ ಎಂದಿತು. ಪತ್ರಗಳು ಹೋದವು, ಬಂದವು, ಹೋಗುತ್ತಾ ಬರುತ್ತಾ ಒರಟಾದವು. ಕೊನೆಗೆ ಕಂಪನಿ ಮಾತುಕತೆಗೆ ಮಲಬಾರಿನ ಕಡೆಯಿಂದ ಕರುಣಾಕರ ಮೆನನ್ ಎಂಬ ಹಳೆಯ ನೌಕರನನ್ನು ಕಳಿಸಿತು. ರಾಜ ಅವನನ್ನು ಹಿಡಿದು ಇಟ್ಟುಕೊಂಡ. ತಂಗಿಯನ್ನು ಕಳಿಸಿ, ಇವನನ್ನು ಬಿಡುತ್ತೇನೆ ಎಂದ. ಗವರ್ನರ್ ಜನರಲ್ ಬೆಂಟಿಂಕ್ ಯುದ್ಧಕ್ಕೆ ಒಪ್ಪಿದ್ದು ಇದರ ಮೇಲೆ.

ಸೈನ್ಯ ನಾಲ್ಕು ದಾರಿಯಲ್ಲಿ ಬಂತು. ಪೂರ್ವದ ದಂಡು ರಾಮಸ್ವಾಮಿ ಕಣಿವೆಯ ಹತ್ತಿರ ಕಾವೇರಿ ದಾಟಿತು. ಉತ್ತರದಿಂದ ಬಂದ ದಂಡಿಗೆ ಬಕ ಎಂಬಲ್ಲಿ ಏಪ್ರಿಲ್ 3ರಂದು ಮಾದಂತ ಅಪ್ಪಚ್ಚು ಮತ್ತು ಅವನ ಜನ ಬಲವಾದ ಪೆಟ್ಟು ಕೊಟ್ಟರು, ಒಬ್ಬ ಬ್ರಿಟಿಷ್ ಕರ್ನಲ್ ಅಲ್ಲೇ ಸತ್ತ. ಆದರೆ ರಾಜನಿಗೇ ಹೋರಾಡುವ ಮನಸ್ಸು ಗಟ್ಟಿ ಇರಲಿಲ್ಲ. ಅವನು ನಾಲ್ಕುನಾಡು ಅರಮನೆ ಸೇರಿಕೊಂಡ. ದಿವಾನ ಅಪ್ಪಾರಂಡ ಬೋಪಣ್ಣ ಬ್ರಿಟಿಷರ ಕಡೆ ಸೇರಿ ಅವರಿಗೆ ಮಡಿಕೇರಿಯ ದಾರಿ ತೋರಿಸಿದ. ಏಪ್ರಿಲ್ 6ಕ್ಕೆ ಕೋಟೆಯ ಮೇಲೆ ಬ್ರಿಟಿಷ್ ಬಾವುಟ ಏರಿತು. ಕೆಲವೇ ದಿನಗಳಲ್ಲಿ ರಾಜ ಶರಣಾದ.

ಎಣಿಸಿ ನೋಡಿದರೆ

ಮಾರ್ಚ್‌ನ ಘೋಷಣೆಯಲ್ಲಿರುವ ದೂರುಗಳನ್ನು ಒಂದೊಂದಾಗಿ ಬೇರೆ ಮಾಡಿ ಬೋರ್ಡಿನ ಮೇಲೆ ಬರೆಯಿರಿ ಎಂದು ಮಕ್ಕಳಿಗೆ ಹೇಳುತ್ತೇನೆ. ಪ್ರಜೆಗಳ ಮೇಲೆ ದಬ್ಬಾಳಿಕೆ, ಇದು ಒಂದು. ಕಂಪನಿಯ ಅಧಿಕಾರಕ್ಕೆ ಅಗೌರವ. ಗವರ್ನರ್‌ಗಳಿಗೆ ಅವಮಾನದ ಪತ್ರ. ಕಂಪನಿಯ ವೈರಿಗಳಿಗೆ ಆಸರೆ. ಕಂಪನಿಯ ನೌಕರನನ್ನು ಬಂಧನದಲ್ಲಿ ಇಟ್ಟದ್ದು. ಜನರ ಪರವಾಗಿ ಒಂದು ದೂರು, ಕಂಪನಿಯ ಮಾನ ಮತ್ತು ಹಿತದ ಪರವಾಗಿ ನಾಲ್ಕು. ಆದರೆ ಮೊದಲು ಬರೆದದ್ದು ಯಾವುದು? ಜನರದು.

ಈ ಜೋಡಣೆ ಆಕಸ್ಮಿಕ ಎಂದು ನನಗೆ ಅನ್ನಿಸುವುದಿಲ್ಲ. ಮೆನನ್‌ನನ್ನು ಬಿಟ್ಟಿದ್ದರೆ, ಪತ್ರಗಳು ವಿನಯದಿಂದ ಇದ್ದಿದ್ದರೆ, ರಾಜನ ಕ್ರೌರ್ಯ ಒಂದಕ್ಕೇ ಸೈನ್ಯ ಬರುತ್ತಿತ್ತೇ? ಅವನು ಪಟ್ಟಕ್ಕೆ ಬಂದು 14 ವರ್ಷ ಆಗಿತ್ತು. ಆ 14 ವರ್ಷವೂ ಜನ ಅಲ್ಲೇ ಇದ್ದರು, ಅದೇ ರಾಜನ ಕೈಯಲ್ಲಿ. ಕಂಪನಿಯ ಅಧಿಕಾರಿಗಳ ಕಿವಿಗೆ ದೂರು ಬೀಳುತ್ತಲೇ ಇತ್ತು.

ಈಗ ನಮ್ಮ ಕಾಲದ ಅಳತೆಗೋಲು ತರೋಣ. ರುವಾಂಡಾ, ಕೊಸೊವೊ ಆದ ಮೇಲೆ ಕೆನಡಾ ಸರ್ಕಾರ ಒಂದು ಅಂತರರಾಷ್ಟ್ರೀಯ ಆಯೋಗ ಮಾಡಿತು. ಗ್ಯಾರೆತ್ ಇವಾನ್ಸ್ ಮತ್ತು ಮೊಹಮದ್ ಸಹನೂನ್ ಅದರ ಅಧ್ಯಕ್ಷರು. 2001ರ ಕೊನೆಯಲ್ಲಿ ಅವರ ವರದಿ ಬಂತು. ಅಲ್ಲಿಂದಲೇ ‘ರಕ್ಷಿಸುವ ಹೊಣೆ’ ಎಂಬ ಮಾತು ಚಾಲ್ತಿಗೆ ಬಂದದ್ದು. ಒಳಗೆ ಬರುವ ಹಕ್ಕು ಯಾರಿಗಿದೆ ಎಂಬ ಪ್ರಶ್ನೆ ಬಿಟ್ಟು, ಸಾಯುತ್ತಿರುವ ಜನರನ್ನು ಉಳಿಸುವ ಹೊಣೆ ಯಾರದು ಎಂದು ಕೇಳೋಣ ಎಂದರು. ಮೊದಲ ಹೊಣೆ ಆಯಾ ಸರ್ಕಾರದ್ದು. ಅದು ಕೈಬಿಟ್ಟರೆ ಮಾತ್ರ ಹೊರಗಿನವರದು. ಅದಕ್ಕೂ ಬಿಗಿಯಾದ ಷರತ್ತು ಹಾಕಿದರು. ದೊಡ್ಡ ಪ್ರಮಾಣದ ಸಾವು ಅಥವಾ ಜನಾಂಗವನ್ನೇ ಓಡಿಸುವಂಥ ಕಾರಣ ಇರಬೇಕು. ಉದ್ದೇಶ ಜನರ ನೋವು ನಿಲ್ಲಿಸುವುದೇ ಆಗಿರಬೇಕು. ಬೇರೆ ದಾರಿ ಮುಗಿದಿರಬೇಕು. ಎಷ್ಟು ಬೇಕೋ ಅಷ್ಟೇ ಬಲ ಬಳಸಬೇಕು. ಗೆಲ್ಲುವ ಸಾಧ್ಯತೆ ಇರಬೇಕು. ಸರಿಯಾದ ಅಧಿಕಾರದಿಂದ ಅಪ್ಪಣೆ ಸಿಕ್ಕಿರಬೇಕು.

2005ರಲ್ಲಿ ವಿಶ್ವಸಂಸ್ಥೆಯ ಶೃಂಗಸಭೆ ಈ ಮಾತನ್ನು ಒಪ್ಪಿತು, ಆದರೆ ಇನ್ನೂ ಸಣ್ಣದು ಮಾಡಿ ಒಪ್ಪಿತು. ನಿರ್ಣಯದ 138 ಮತ್ತು 139ನೇ ಪ್ಯಾರಾಗಳಲ್ಲಿ ಅದು ಇದೆ. ನರಮೇಧ, ಯುದ್ಧಾಪರಾಧ, ಜನಾಂಗೀಯ ನಿರ್ಮೂಲನ, ಮಾನವತೆಯ ವಿರುದ್ಧದ ಅಪರಾಧ, ಈ ನಾಲ್ಕಕ್ಕೆ ಮಾತ್ರ. ಬಲಪ್ರಯೋಗ ಬೇಕಾದರೆ ಭದ್ರತಾ ಮಂಡಳಿಯ ಮೂಲಕ ಮಾತ್ರ. ‘ಕೆಟ್ಟ ಆಡಳಿತ’ ಎಂಬುದು ಆ ಪಟ್ಟಿಯಲ್ಲಿ ಇಲ್ಲ. ವಸಾಹತು ಕಾಲದ ನೆನಪು ಇರುವ ದೇಶಗಳು ಪಟ್ಟು ಹಿಡಿದು ಪಟ್ಟಿಯನ್ನು ಸಣ್ಣದಾಗಿ ಇಟ್ಟುಕೊಂಡಿದ್ದಕ್ಕೆ ಕೊಡಗಿನಂಥ ಅನುಭವವೇ ಕಾರಣ. ಯಾವ ರಾಜನ ಆಡಳಿತವನ್ನಾದರೂ ಕೆಟ್ಟದ್ದು ಎನ್ನಬಹುದು ಅಲ್ವಾ?

1834ನ್ನು 2001ರ ಷರತ್ತಿನಿಂದ ಅಳೆಯುವುದು ಆ ಕಾಲದವರಿಗೆ ಅನ್ಯಾಯ ಎಂದು ಒಬ್ಬ ವಿದ್ಯಾರ್ಥಿ ಹೇಳಿದ. ಅವನ ಮಾತಿನಲ್ಲಿ ನ್ಯಾಯ ಇದೆ. ಫ್ರೇಸರ್‌ಗೆ ಶಿಕ್ಷೆ ಕೊಡಲು ನಾನು ಈ ಅಳತೆ ಹಿಡಿದಿಲ್ಲ. ಅವನ ಘೋಷಣೆಯ ಮಾತುಗಳೇ ಇವತ್ತೂ ಬಳಕೆಯಲ್ಲಿವೆ. ಆ ಮಾತುಗಳ ಹಿಂದೆ ಏನು ಸಾಗಿತು ಎಂದು ಪೂರ್ತಿ ನೋಡಬಹುದಾದ, ಮುಗಿದುಹೋದ ಪ್ರಕರಣ ಇದು. ಅಷ್ಟಕ್ಕೆ ಇದು ಬೇಕು.

ಷರತ್ತುಗಳಲ್ಲಿ ಕೆಲವನ್ನು ಬೇಗ ಮುಗಿಸಬಹುದು. ಗೆಲ್ಲುವ ಸಾಧ್ಯತೆ ಇತ್ತು, ಗೆದ್ದರು. ಬೇರೆ ದಾರಿ ಸ್ವಲ್ಪ ಮಟ್ಟಿಗೆ ಪ್ರಯತ್ನಿಸಿದ್ದರು, ದೂತರು ಹೋಗಿದ್ದರು. ಆದರೆ ಆ ಮಾತುಕತೆ ನಡೆದದ್ದು ತಂಗಿ, ಭಾವ ಮತ್ತು ಮೆನನ್ ಬಗ್ಗೆ. ಜನರ ಮೇಲಿನ ದಬ್ಬಾಳಿಕೆ ನಿಲ್ಲಿಸು ಎಂಬ ಷರತ್ತಿನ ಮೇಲೆ ಯುದ್ಧ ನಿಂತಿರಲಿಲ್ಲ. ಅಪ್ಪಣೆ ಕೊಟ್ಟವರು ಯಾರು? ಕಂಪನಿಯೇ. ದೂರು ಕೊಟ್ಟವರು, ತೀರ್ಪು ಕೊಟ್ಟವರು, ಜಾರಿ ಮಾಡಿದವರು, ಕೊನೆಗೆ ಆಸ್ತಿ ಪಡೆದವರು ಎಲ್ಲ ಒಬ್ಬರೇ. ಉಳಿಯುವುದು ಉದ್ದೇಶ. ಅದರ ಮೇಲೆ ಸ್ವಲ್ಪ ನಿಲ್ಲಬೇಕು.

ಉದ್ದೇಶ ಗೊತ್ತಾಗುವುದು ಹೇಗೆ

ಉದ್ದೇಶ ಮನಸ್ಸಿನ ಒಳಗಿನದು, ಹೊರಗಿನಿಂದ ಹೇಗೆ ಹೇಳುತ್ತೀರಿ ಎಂದು ಕೇಳುವವರು ಇದ್ದಾರೆ. ಮನಸ್ಸು ಕಾಣದಿದ್ದರೂ ನಡೆದ ಕೆಲಸ ಕಾಣುತ್ತದೆ. ಗೆದ್ದ ಮೇಲೆ ಏನು ಮಾಡಿದರು ಎಂದು ನೋಡಬೇಕು.

ಕ್ರೂರ ರಾಜನನ್ನು ಇಳಿಸುವುದೇ ಗುರಿ ಆಗಿದ್ದರೆ ಏಪ್ರಿಲ್‌ನಲ್ಲಿ ಕೆಲಸ ಮುಗಿದಿತ್ತು. ಅಲ್ಲಿಂದ ಮುಂದೆ ಹಲವು ದಾರಿ ಇದ್ದವು. ಹಾಲೇರಿ ಮನೆತನದಲ್ಲಿ ಇನ್ನೊಬ್ಬರನ್ನು ಕೂರಿಸಬಹುದಿತ್ತು. ನಾಡಿನ ಮುಖ್ಯಸ್ಥರ ಕೈಗೆ ಆಡಳಿತ ಕೊಡಬಹುದಿತ್ತು. ಕೆಲವು ವರ್ಷ ನೋಡಿಕೊಂಡು ಹೊರಡಬಹುದಿತ್ತು. ಇದ್ಯಾವುದೂ ಆಗಲಿಲ್ಲ. ಮಡಿಕೇರಿಯಲ್ಲಿ ದಿವಾನರನ್ನೂ ಊರಿನ ಮುಖ್ಯಸ್ಥರಾದ ತಕ್ಕರನ್ನೂ ಸೇರಿಸಿ ಕೇಳಿದರು. ಗೋಹತ್ಯೆ ಆಗಬಾರದು, ನಮ್ಮ ಪದ್ಧತಿಗಳಿಗೆ ಕೈ ಹಾಕಬಾರದು ಎಂಬಂಥ ಮಾತುಗಳು ಅಲ್ಲಿ ಬಂದವು. ಸುತ್ತ ಗೆದ್ದವರ ಸೈನ್ಯ ನಿಂತಿರುವಾಗ ಕೆಲವು ಮುಖಂಡರು ಹೂಂ ಎಂದದ್ದನ್ನು ಘೋಷಣೆ ‘ಎಲ್ಲರ ಒಮ್ಮತ’ ಎಂದು ಕರೆಯಿತು. ಬಕದಲ್ಲಿ ತಿಂಗಳ ಹಿಂದೆ ಅದೇ ಸೈನ್ಯದ ಮೇಲೆ ಗುಂಡು ಹಾರಿಸಿದವರೂ ಆ ‘ಎಲ್ಲರ’ ಒಳಗೆ ಸೇರಿಬಿಟ್ಟರು.

ಇನ್ನೂ ನೋಡಿ. ರಾಜನ ಖಜಾನೆಯಲ್ಲಿ ಸಿಕ್ಕ ಹಣ ಪ್ರಜೆಗಳಿಗೆ ಬರಲಿಲ್ಲ, ಯುದ್ಧದ ಲೂಟಿಯಾಗಿ ಸೈನ್ಯಕ್ಕೆ ಹಂಚಿಹೋಯಿತು. ಘಟ್ಟದ ಕೆಳಗಿನ ಅಮರ ಸುಳ್ಯ ಮತ್ತು ಪುತ್ತೂರು ಸೀಮೆಗಳನ್ನು ಕೊಡಗಿನಿಂದ ಕತ್ತರಿಸಿ ಆಗಿನ ಕೆನರಾ ಜಿಲ್ಲೆಗೆ ಸೇರಿಸಿದರು. ಆ ಸೀಮೆಯ ರೈತ ಮೊದಲು ಕಂದಾಯವನ್ನು ಭತ್ತದಲ್ಲಿ ಕೊಡುತ್ತಿದ್ದ. ಈಗ ರೊಕ್ಕದಲ್ಲಿ ಕೊಡು ಎಂದರು. ಕೈಯಲ್ಲಿ ರೊಕ್ಕ ಇಲ್ಲದವನು ಸಾಹುಕಾರನ ಹತ್ತಿರ ಹೋಗಬೇಕಾಯಿತು. ಅಡಿಕೆ, ಭತ್ತ ಬೆಳೆಯುವ ಮನೆಯವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

1837ರ ಏಪ್ರಿಲ್‌ನಲ್ಲಿ ಅದೇ ಸೀಮೆ ಎದ್ದು ನಿಂತಿತು. ಹಾಲೇರಿ ಮನೆತನವನ್ನು ಮತ್ತೆ ತರುತ್ತೇವೆ ಎಂದು, ಆ ಮನೆತನದವನು ಎನ್ನಲಾದ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಜನ ಮಂಗಳೂರಿನವರೆಗೆ ಹೋದರು, ಸುಮಾರು ಎರಡು ವಾರ ಮಂಗಳೂರು ಅವರ ಕೈಯಲ್ಲಿತ್ತು. ‘ಇನ್ನು ದೇಶೀ ಅರಸರ ಕೈಕೆಳಗೆ ಬರುವುದಿಲ್ಲ’ ಎಂಬ ಭರವಸೆ ಕೊಟ್ಟು ಮೂರು ವರ್ಷ ತುಂಬುವುದರೊಳಗೆ ಜನ ಆ ಅರಸರ ಹೆಸರು ಹಿಡಿದು ಹೊರಟರು. ದಂಗೆ ಅಡಗಿದ ಮೇಲೆ ಅದರ ನಾಯಕರಲ್ಲಿ ಒಬ್ಬರಾದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ಮಡಿಕೇರಿ ಕೋಟೆಯಲ್ಲಿ, ಅಕ್ಟೋಬರ್ 31ರಂದು, ಗಲ್ಲಿಗೆ ಹಾಕಿದರು.

ಇಲ್ಲಿ ಒಂದು ವಿಷಯ ಪ್ರಾಮಾಣಿಕವಾಗಿ ಹೇಳಬೇಕು. ಕೊಡಗಿನ ಹಲವು ಮುಖಂಡರು ಆ ದಂಗೆಯಲ್ಲಿ ಕಂಪನಿಯ ಪರ ನಿಂತರು, ಪದಕ ಪಡೆದರು, ಭೂಮಿ ಪಡೆದರು. ಅವರನ್ನು ಬರೀ ಸ್ವಾರ್ಥಿಗಳು ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಹಳೆಯ ರಾಜನ ಕಾಲ ಮತ್ತೆ ಬರಬಾರದು ಎಂದು ನಿಜವಾಗಿ ಬಯಸಿದವರೂ ಅವರಲ್ಲಿದ್ದರು. ಹೊರಗಿನಿಂದ ಬಂದವರು ‘ಜನರ ಆಸೆ’ ಎನ್ನುವಾಗ ಮುಚ್ಚಿಹೋಗುವುದು ಇದೇ. ಜನ ಯಾವತ್ತೂ ಒಂದೇ ಮನಸ್ಸಿನವರಲ್ಲ. ಕೆಲವರಿಗೆ ಅದು ಬಿಡುಗಡೆ, ಕೆಲವರಿಗೆ ಹೊಸ ಯಜಮಾನಿಕೆ, ಒಂದೇ ಸೀಮೆಯಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ.

ಆ ರಕ್ಷಣೆ 1947ರವರೆಗೆ ನಡೆಯಿತು. 113 ವರ್ಷ.

ಅದೇ ಬೇನೆ ಬೇರೆ ಕಡೆ ಇದ್ದಾಗ

ಆರಿಸಿಕೊಂಡು ಮಾಡುತ್ತಾರೆ ಎಂಬುದು ಮಾನವೀಯ ಹಸ್ತಕ್ಷೇಪದ ವಾದದ ವಿರುದ್ಧ ಇರುವ ಹಳೆಯ ಆಕ್ಷೇಪ. ಒಂದು ಕಡೆ ಓಡಿ ಬರುವವರು ಇನ್ನೊಂದು ಕಡೆ ಯಾಕೆ ಸುಮ್ನೆ ಇರುತ್ತಾರೆ? 1834ರಲ್ಲಿ ಇದಕ್ಕೆ ಉತ್ತರ ನಕ್ಷೆಯಲ್ಲೇ ಇತ್ತು. ಮೈಸೂರಿನ ಆಡಳಿತವನ್ನು ಕಂಪನಿ 1831ರಲ್ಲಿ, ನಗರ ಸೀಮೆಯ ರೈತರ ದಂಗೆಯ ನಂತರ, ಕೆಟ್ಟ ಆಡಳಿತ ಎಂಬ ಕಾರಣ ಕೊಟ್ಟು ವಹಿಸಿಕೊಂಡಿತ್ತು. ಪಶ್ಚಿಮದಲ್ಲಿ ಮಲಬಾರ್ ಮತ್ತು ಕೆನರಾ ಅದರದ್ದೇ. ನಡುವೆ ಉಳಿದ ತುಂಡು ಕೊಡಗು. ದೂರದ ಅವಧ್‌ನ ಬಗ್ಗೆಯೂ ಇದೇ ದೂರು ಇತ್ತು. ಅಲ್ಲಿ ಎಚ್ಚರಿಕೆ ಕೊಟ್ಟು ಬಿಟ್ಟರು, 1856ರವರೆಗೆ ಮುಟ್ಟಲಿಲ್ಲ. ಮುಟ್ಟಿದಾಗ ಕೊಟ್ಟ ಕಾರಣ ಅದೇ, ಮತ್ತೆ ಇಟ್ಟುಕೊಂಡರು.

ಆದರೆ ನನ್ನನ್ನು ಹೆಚ್ಚು ಕಾಡುವ ಆಯ್ಕೆ ದೇಶಗಳ ನಡುವಿನದ್ದಲ್ಲ, ಒಂದೇ ನಾಡಿನ ಜನರ ನಡುವಿನದು. ಕೊಡಗಿನ ಗದ್ದೆಗಳಲ್ಲಿ ಆಗ ಜೀತಕ್ಕೆ ಸೇರಿದ ಮನುಷ್ಯರು ದುಡಿಯುತ್ತಿದ್ದರು. ಗದ್ದೆಯ ಜೊತೆಗೆ ಅವರನ್ನೂ ಅಡ ಇಡುತ್ತಿದ್ದರು. ‘ದಬ್ಬಾಳಿಕೆಗೆ ಸಿಕ್ಕಿದ ಪ್ರಜೆ’ ಎಂಬ ಮಾತಿಗೆ ಅವರಿಗಿಂತ ಹೆಚ್ಚು ತಕ್ಕವರು ಇರಲಿಲ್ಲ. ಮೇ 7ರ ಘೋಷಣೆ ಅವರ ಬಗ್ಗೆ ಏನೂ ಹೇಳಲಿಲ್ಲ. ಇದ್ದ ಪದ್ಧತಿಗಳನ್ನು ಗೌರವಿಸುತ್ತೇವೆ ಎಂದಿತು, ಆ ಪದ್ಧತಿಗಳಲ್ಲಿ ಜೀತವೂ ಒಂದು. ಕಂಪನಿಯ ಭಾರತದಲ್ಲಿ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ತೆಗೆದ ಕಾಯ್ದೆ ಬಂದದ್ದು 1843ರಲ್ಲಿ. ಅದು ಬಂದ ಮೇಲೂ ತೋಟ ಗದ್ದೆಗಳಲ್ಲಿ ದುಡಿಯುವ ಯರವ ಬುಡಕಟ್ಟಿನವರ ಬದುಕು ಎಷ್ಟು ನಿಧಾನವಾಗಿ ಬದಲಾಯಿತು ಎಂದು ಇಲ್ಲಿಯವರಿಗೆ ಗೊತ್ತಿದೆ. ರಕ್ಷಣೆ ಸಿಕ್ಕಿದ್ದು ಕೇಳುವ ಸ್ಥಾನದಲ್ಲಿ ಇದ್ದವರಿಗೆ.

ಲಿಬಿಯಾದಲ್ಲಿ ಅದೇ ಹೆಜ್ಜೆಗಳು

2011ರ ಲಿಬಿಯಾವನ್ನು ಈ ಪ್ರಕರಣದ ಪಕ್ಕ ಇಟ್ಟು ನೋಡಿದಾಗ ಮಕ್ಕಳಿಗೆ ಥಟ್ಟನೆ ಅರ್ಥವಾಗುತ್ತದೆ.

ಫೆಬ್ರವರಿಯಲ್ಲಿ ಜನ ಗಡಾಫಿಯ ವಿರುದ್ಧ ಬೀದಿಗೆ ಬಂದರು. ಸೈನ್ಯ ಗುಂಡು ಹಾರಿಸಿತು. ಮನೆ ಮನೆ ಹುಡುಕಿ ಮುಗಿಸುತ್ತೇವೆ ಎಂದು ಗಡಾಫಿ ಭಾಷಣ ಮಾಡಿದ. ಅವನ ಪಡೆ ಬೆಂಗಾಜಿ ಊರಿನ ಹತ್ತಿರ ಬಂದಾಗ, ಮಾರ್ಚ್ 17ರಂದು, ಭದ್ರತಾ ಮಂಡಳಿ 1973ನೇ ನಿರ್ಣಯ ಮಾಡಿತು. 10 ದೇಶ ಪರ, ವಿರೋಧ ಯಾರೂ ಇಲ್ಲ, ತಟಸ್ಥ 5. ಆ ಐದರಲ್ಲಿ ಭಾರತವೂ ಒಂದು. ನಾಗರಿಕರನ್ನು ರಕ್ಷಿಸಲು ಅಗತ್ಯವಾದ ಎಲ್ಲ ಕ್ರಮ ತೆಗೆದುಕೊಳ್ಳಬಹುದು, ಆದರೆ ವಿದೇಶಿ ಪಡೆ ನೆಲವನ್ನು ಆಕ್ರಮಿಸಿ ಕೂರುವ ಹಾಗಿಲ್ಲ ಎಂದು ಅದು ಹೇಳಿತು. ಮಾರ್ಚ್ 19ಕ್ಕೆ ಬಾಂಬ್ ದಾಳಿ ಶುರುವಾಯಿತು, ತಿಂಗಳ ಕೊನೆಗೆ ನೇಟೊ ವಹಿಸಿಕೊಂಡಿತು.

ಕಂಪನಿಗೂ ಇದಕ್ಕೂ ದೊಡ್ಡ ವ್ಯತ್ಯಾಸ ಇದೆ. ಇಲ್ಲಿ ಅಪ್ಪಣೆ ಹೊರಗಿನ ಒಂದು ಸಭೆಯಿಂದ ಬಂತು. ಅರಬ್ ಲೀಗ್ ಕೂಡ ವಿಮಾನ ಹಾರಾಟಕ್ಕೆ ನಿಷೇಧ ಹಾಕಿ ಎಂದು ಕೇಳಿತ್ತು. ಯಾರೂ ಲಿಬಿಯಾವನ್ನು ತಮ್ಮ ದೇಶಕ್ಕೆ ಸೇರಿಸಿಕೊಳ್ಳಲಿಲ್ಲ. ಇದನ್ನು ಮರೆತು ಎರಡೂ ಒಂದೇ ಎಂದರೆ ತಪ್ಪಾಗುತ್ತದೆ.

ಮಾತು ಜಾರಿದ ರೀತಿ ಮಾತ್ರ ಅದೇ. ಬೆಂಗಾಜಿಯ ಮೇಲಿನ ದಾಳಿ ಮೊದಲ ಕೆಲವು ದಿನಗಳಲ್ಲೇ ನಿಂತಿತು. ನಿರ್ಣಯದ ಪ್ರಕಾರ ಆಗ ಮಾತುಕತೆಗೆ ಜಾಗ ಇತ್ತು. ಆಫ್ರಿಕನ್ ಒಕ್ಕೂಟದ ನಾಯಕರು ಕದನ ವಿರಾಮದ ಯೋಜನೆ ಹಿಡಿದು ಏಪ್ರಿಲ್‌ನಲ್ಲಿ ಹೋದರು, ಅದು ಕೈಗೂಡಲಿಲ್ಲ. ಅದೇ ತಿಂಗಳ ಮಧ್ಯದಲ್ಲಿ ಒಬಾಮ, ಕ್ಯಾಮರೂನ್, ಸರ್ಕೋಜಿ ಮೂವರೂ ಸೇರಿ ಪತ್ರಿಕೆಗೆ ಲೇಖನ ಬರೆದರು. ಗಡಾಫಿ ಅಧಿಕಾರದಲ್ಲಿ ಇರುವ ಲಿಬಿಯಾಕ್ಕೆ ಭವಿಷ್ಯ ಇಲ್ಲ ಎಂಬುದು ಅದರ ತಿರುಳು. ನಿರ್ಣಯದಲ್ಲಿ ಇಲ್ಲದ ಗುರಿ ಹೀಗೆ ಬಂದು ಸೇರಿತು. ಅಕ್ಟೋಬರ್ 20ರಂದು ಗಡಾಫಿ ಸತ್ತ. ತಿಂಗಳ ಕೊನೆಗೆ ಕಾರ್ಯಾಚರಣೆ ಮುಗಿಯಿತು. 2014ರ ಹೊತ್ತಿಗೆ ಲಿಬಿಯಾದಲ್ಲಿ ಎರಡು ಸರ್ಕಾರಗಳಿದ್ದವು. 2016ರಲ್ಲಿ ಬ್ರಿಟನ್ನಿನ ಸಂಸತ್ತಿನ ವಿದೇಶಾಂಗ ಸಮಿತಿಯೇ ತನ್ನ ಸರ್ಕಾರವನ್ನು ಟೀಕಿಸಿತು. ಬೆಂಗಾಜಿಯ ಅಪಾಯವನ್ನು ಸರಿಯಾಗಿ ಅಳೆಯಲಿಲ್ಲ, ರಕ್ಷಣೆಯ ಕೆಲಸ ಆಡಳಿತ ಬದಲಿಸುವ ಕೆಲಸವಾಗಿ ತಿರುಗಿತು ಎಂದಿತು.

ಆಯ್ಕೆಯ ಆಕ್ಷೇಪವೂ ಇಲ್ಲಿ ಕಣ್ಣಿಗೆ ಹೊಡೆಯುತ್ತದೆ. 2011ರ ಅದೇ ಮಾರ್ಚ್ 14ರಂದು ಬಹ್ರೈನ್‌ನ ಪ್ರತಿಭಟನೆ ಅಡಗಿಸಲು ಸೌದಿ ಸೈನ್ಯ ಗಡಿ ದಾಟಿ ಬಂತು. ಅಲ್ಲಿ ಅಮೆರಿಕದ ನೌಕಾನೆಲೆ ಇದೆ. ಬಹ್ರೈನ್ ಬಗ್ಗೆ ಯಾವ ನಿರ್ಣಯವೂ ಬರಲಿಲ್ಲ.

ಇದರ ಬೆಲೆ ತೆತ್ತವರು ಬೇರೆಯವರು. ಅದೇ ವರ್ಷ ಅಕ್ಟೋಬರ್ 4ರಂದು ಸಿರಿಯಾದ ಬಗ್ಗೆ ಮಂಡಳಿಗೆ ಕರಡು ನಿರ್ಣಯ ಬಂದಾಗ ರಷ್ಯಾ ಮತ್ತು ಚೀನಾ ವೀಟೊ ಹಾಕಿದವು. ಲಿಬಿಯಾದಲ್ಲಿ ಮೋಸವಾಯಿತು ಎಂಬುದು ರಷ್ಯಾ ಕೊಟ್ಟ ಕಾರಣ. ರಷ್ಯಾಕ್ಕೂ ಸಿರಿಯಾದಲ್ಲಿ ಸ್ವಂತ ಹಿತ ಇತ್ತು, ನೌಕಾನೆಲೆ ಇತ್ತು. ತಡೆಯುವವರೂ ಆರಿಸಿಕೊಂಡೇ ತಡೆಯುತ್ತಾರೆ.

‘ಹಾಗಾದ್ರೆ ಯಾರೂ ಬರಬಾರದಿತ್ತಾ, ಮೇಡಂ?’

ಹೋದ ವರ್ಷ ಕೋಟೆಯ ಒಳಗೆ ಕಲ್ಲಾನೆಗಳ ಹತ್ತಿರ ಕೂತಿದ್ದಾಗ ಸೋಮವಾರಪೇಟೆ ಕಡೆಯ ಒಬ್ಬ ಹುಡುಗಿ ಇದನ್ನು ಕೇಳಿದಳು. ‘ದೇವಮ್ಮಾಜಿ ಓಡಿ ಬಂದಳಲ್ಲ ಮೇಡಂ. ಅವಳನ್ನು ವಾಪಸ್ ಕಳಿಸಬೇಕಿತ್ತಾ?’

ಆಕ್ಷೇಪಗಳನ್ನೆಲ್ಲ ಹೇಳಿ ಮುಗಿಸಿದ ಮೇಲೆ ಈ ಪ್ರಶ್ನೆ ಉಳಿಯುತ್ತದೆ. ಇದಕ್ಕೆ ಉತ್ತರ ಕೊಡದೆ ಏಳುವುದು ಸರಿಯಲ್ಲ. ಕಳಿಸಬಾರದಿತ್ತು, ಖಂಡಿತ. ಆಶ್ರಯ ಕೊಟ್ಟದ್ದು ಆ ಇಡೀ ಪ್ರಕರಣದಲ್ಲಿ ಕಂಪನಿ ಮಾಡಿದ ಒಳ್ಳೆಯ ಕೆಲಸ. ಅದಕ್ಕೆ ಸೈನ್ಯ ಬೇಕಾಗಿರಲಿಲ್ಲ, ಗಡಿಯಲ್ಲಿ ಬಾಗಿಲು ತೆರೆದಿದ್ದರೆ ಸಾಕಿತ್ತು. ರಕ್ಷಿಸುವ ಹೊಣೆ ಎಂದರೆ ಎಲ್ಲರೂ ಬಾಂಬ್ ವಿಮಾನ ನೆನೆಯುತ್ತಾರೆ. ಓಡಿ ಬಂದವರನ್ನು ಒಳಗೆ ಬಿಟ್ಟುಕೊಳ್ಳುವುದು ಅದರ ಅಗ್ಗದ, ಸ್ವಾರ್ಥದ ಅನುಮಾನ ಬಾರದ ಭಾಗ. ಅದನ್ನೇ ದೇಶಗಳು ಎಲ್ಲಕ್ಕಿಂತ ಕಡಿಮೆ ಮಾಡುತ್ತವೆ.

ಆದರೆ ಬಾಗಿಲು ತೆರೆದರೆ ಸಾಲದ ಸಂದರ್ಭವೂ ಇದೆ. 1994ರ ಏಪ್ರಿಲ್‌ನಲ್ಲಿ ರುವಾಂಡಾದಲ್ಲಿ ಕೊಲೆ ಶುರುವಾದಾಗ ವಿಶ್ವಸಂಸ್ಥೆಯ ಪಡೆ ಅಲ್ಲೇ ಇತ್ತು. ಎರಡು ವಾರದಲ್ಲಿ ಮಂಡಳಿ ಅದನ್ನು ಸುಮಾರು 270 ಜನಕ್ಕೆ ಇಳಿಸಿತು. ನೂರು ದಿನಗಳಲ್ಲಿ ಸತ್ತವರು ಸುಮಾರು 8 ಲಕ್ಷ. ದೊಡ್ಡ ದೇಶಗಳಲ್ಲಿ ಹೆಚ್ಚಿನವಕ್ಕೆ ಅಲ್ಲಿ ಸ್ವಂತ ಹಿತ ಇರಲಿಲ್ಲ, ಹೊತ್ತಿಗೆ ಸರಿಯಾಗಿ ಯಾರೂ ಬರಲಿಲ್ಲ. ಸ್ವಾರ್ಥ ಇಲ್ಲದವರು ಮಾತ್ರ ಬರಲಿ ಎಂದು ಕೂತರೆ ಕೊನೆಗೆ ಯಾರೂ ಬರುವುದಿಲ್ಲ ಎಂಬ ಮಾತಿಗೆ ಇದು ಸಾಕ್ಷಿ.

1971ನ್ನು ನೋಡಿ. ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ಜನ ಭಾರತಕ್ಕೆ ಓಡಿ ಬಂದರು. ಡಿಸೆಂಬರ್‌ನಲ್ಲಿ ನಮ್ಮ ಸೈನ್ಯ ಹೋಯಿತು. ಕೊಡಗಿನ ಎಷ್ಟೋ ಮನೆಗಳಲ್ಲಿ ಆ ಯುದ್ಧದ ಫೋಟೊ, ಪದಕ ಇವೆ. ಭಾರತಕ್ಕೆ ಸ್ವಂತ ಹಿತ ಇತ್ತು, ಶತ್ರು ದೇಶ ಎರಡಾಗುವುದು ನಮಗೆ ಬೇಕಾಗಿತ್ತು, ಇದನ್ನು ಮುಚ್ಚಿಡುವ ಅಗತ್ಯ ಇಲ್ಲ. ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ 104 ದೇಶಗಳು ಕದನ ನಿಲ್ಲಿಸಿ, ಸೈನ್ಯ ಹಿಂದಕ್ಕೆ ಕರೆಸಿ ಎಂಬುದರ ಪರ ಮತ ಹಾಕಿದವು. ಹಾಗಾದರೆ 1834ಕ್ಕೂ ಇದಕ್ಕೂ ಏನು ವ್ಯತ್ಯಾಸ? ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಶರಣಾಗತಿ ಆಯಿತು. 1972ರ ಮಾರ್ಚ್‌ನಲ್ಲಿ ನಮ್ಮ ಸೈನ್ಯ ಹೊರಟು ಬಂತು. ದೇಶ ಅಲ್ಲಿಯವರ ಕೈಯಲ್ಲಿ ಉಳಿಯಿತು. ಓಡಿ ಬಂದವರಲ್ಲಿ ಬಹುತೇಕ ಜನ ಮನೆಗೆ ಹೋದರು.

ಕೊಡಗು, ಲಿಬಿಯಾ, 1971, ಈ ಮೂರನ್ನೂ ಪಕ್ಕಪಕ್ಕ ಇಟ್ಟ ಮೇಲೆ ನನಗೆ ಅನ್ನಿಸಿದ್ದು ಇಷ್ಟು. ಸ್ವಂತ ಹಿತ ಇದೆ ಎಂದ ಮಾತ್ರಕ್ಕೆ ರಕ್ಷಣೆ ಸುಳ್ಳಾಗುವುದಿಲ್ಲ. ಆ ಹಿತ ಗುರಿಯನ್ನು ಎಳೆದುಕೊಂಡು ಹೋಗುತ್ತಿದೆಯೇ ಎಂದು ನೋಡುತ್ತಿರಬೇಕು. ಅದಕ್ಕೆ ಗುರುತುಗಳಿವೆ. ಮೊದಲ ಹೇಳಿಕೆಯಲ್ಲಿ ಇಲ್ಲದ ಗುರಿ ಎರಡನೆಯದರಲ್ಲಿ ಬರುತ್ತದೆ. ಹೊರಡುವ ದಿನದ ಮಾತೇ ನಿಲ್ಲುತ್ತದೆ. ‘ಎಲ್ಲರ ಆಸೆ’ ಎಂಬ ಮಾತು ಬರುತ್ತದೆ, ಕೇಳಿದ್ದು ಯಾರನ್ನು ಎಂಬುದು ಬರುವುದಿಲ್ಲ. ಕೊಡಗಿನ ಎರಡು ಘೋಷಣೆಗಳಲ್ಲಿ ಈ ಮೂರೂ ಇವೆ. ಲಿಬಿಯಾದಲ್ಲಿ ಮೊದಲ ಎರಡು ಇದ್ದವು. 1973ನೇ ನಿರ್ಣಯಕ್ಕೆ ಕೊನೆಯ ತಾರೀಖು ಇರಲಿಲ್ಲ. ಇದನ್ನು ಕಂಡೇ ಬ್ರೆಜಿಲ್ 2011ರ ನವೆಂಬರ್‌ನಲ್ಲಿ ಒಂದು ಸಲಹೆ ಇಟ್ಟಿತು. ಅಪ್ಪಣೆ ಪಡೆದವರು ಏನು ಮಾಡುತ್ತಿದ್ದಾರೆ ಎಂದು ಮಂಡಳಿ ನಡುನಡುವೆ ಲೆಕ್ಕ ಕೇಳಬೇಕು ಎಂದು. ‘ರಕ್ಷಿಸುವಾಗಿನ ಹೊಣೆ’ ಎಂದು ಅದಕ್ಕೆ ಹೆಸರು. ಅಪ್ಪಣೆ ಪಡೆದ ದೊಡ್ಡ ದೇಶಗಳಿಗೆ ಅದು ಇಷ್ಟವಾಗಲಿಲ್ಲ, ಅಲ್ಲೇ ಉಳಿಯಿತು.

ಲೆಕ್ಕ ಕೇಳುವವರಿಲ್ಲದಿದ್ದರೆ ಏನಾಗುತ್ತದೆ ಎಂಬುದು ಚಿಕ್ಕ ವೀರರಾಜೇಂದ್ರನ ಕೊನೆಯ ಕಥೆಯಲ್ಲೇ ಇದೆ. ಕಾಶಿಯಲ್ಲಿ ಹಲವು ವರ್ಷ ಇದ್ದ ಮೇಲೆ ಅವನು 1852ರಲ್ಲಿ ಮಗಳು ಗೌರಮ್ಮನ ಜೊತೆ ಇಂಗ್ಲೆಂಡಿಗೆ ಹೋದ. ದೊಡ್ಡ ವೀರರಾಜೇಂದ್ರ ಕಂಪನಿಯಲ್ಲಿ ಇಟ್ಟಿದ್ದ ಹಣ ನನಗೆ ಬರಬೇಕು ಎಂದು ಅಲ್ಲಿನ ನ್ಯಾಯಾಲಯದಲ್ಲಿ ಕಂಪನಿಯ ಮೇಲೆ ದಾವೆ ಹೂಡಿದ. ತೀರ್ಪು ನೋಡಲು ಅವನು ಉಳಿಯಲಿಲ್ಲ, 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. ಮರುವರ್ಷ ನ್ಯಾಯಾಲಯ ದಾವೆ ವಜಾ ಮಾಡಿತು. ಯುದ್ಧ ಮಾಡಿ ವಶಪಡಿಸಿಕೊಂಡದ್ದು ಒಂದು ರಾಜ್ಯ ತನ್ನ ಪರಮಾಧಿಕಾರದಿಂದ ಮಾಡಿದ ಕೆಲಸ, ಅದರ ಸರಿತಪ್ಪನ್ನು ಕೋರ್ಟು ವಿಚಾರಿಸುವ ಹಾಗಿಲ್ಲ ಎಂದಿತು.

ಕೋಟೆ ಮುಗಿಸಿ ನಾವು ಗದ್ದಿಗೆಗೆ ಹೋಗುತ್ತೇವೆ. ದೊಡ್ಡ ವೀರರಾಜೇಂದ್ರನ ಸಮಾಧಿ ಅಲ್ಲಿದೆ, ಲಿಂಗರಾಜೇಂದ್ರನದೂ ಇದೆ. ಆ ಹುಡುಗಿ ಎರಡನ್ನೂ ಸುತ್ತಿ ಬಂದು, ‘ಮೂರನೆಯದು?’ ಎಂದು ಕೇಳಿದಳು. ಲಂಡನ್ನಿನ ಕೆನ್ಸಲ್ ಗ್ರೀನ್ ಎಂಬ ಸ್ಮಶಾನದಲ್ಲಿ ಎಂದೆ.